3.1 ಎಂದರೆ 6.2ರ ಅರ್ಧವಲ್ಲ: ಭೂಕಂಪದ ಸುದ್ದಿ ತಿದ್ದುವಾಗ ನಾನು ಮಾಡುವುದು

ಬಳ್ಳಾರಿಯಲ್ಲಿ ಪತ್ರಿಕೆಯೊಂದರ ಜಿಲ್ಲಾ ಪುಟಗಳಿಗೆ ಸುದ್ದಿ ತಿದ್ದುವುದು ನನ್ನ ಕೆಲಸ. ಕಲಬುರಗಿ, ಬೀದರ್ ಕಡೆ ನೆಲ ನಡುಗಿದ ದಿನ ರಾಯಚೂರು, ಕೊಪ್ಪಳದಿಂದಲೂ ಫೋನು ಬರುತ್ತವೆ. ಅಂಥ ಒಂದು ದಿನ ಬಂದ ವರದಿಯಲ್ಲಿ, 3.1 ಪ್ರಮಾಣದ ಈ ಕಂಪನ 1993ರಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಾದ ಭೂಕಂಪದ ಅರ್ಧದಷ್ಟು ಎಂಬ ಸಾಲಿತ್ತು. ಕಿಲ್ಲಾರಿಯದು 6.2. ಭಾಗಾಕಾರ ಸರಿಯಾಗಿಯೇ ಇದೆ, ಆದರೆ ಈ ಅಂಕಿಗಳನ್ನು ಭಾಗಿಸುವುದೇ ತಪ್ಪು. ಕಿಲ್ಲಾರಿಯ ಹೆಸರು ಕೇಳಿದರೆ ಈಗಲೂ ಬೆಚ್ಚುವ ಜನರ ಮುಂದೆ ಆ ಸಾಲು ಇಡಲು ನಾನು ಒಪ್ಪಲಿಲ್ಲ.

ಪ್ರಮಾಣದ ಅಂಕಿ ಒಂದು ಏರಿದರೆ ಕಂಪನಮಾಪಕದಲ್ಲಿ ದಾಖಲಾಗುವ ಅಲೆಯ ಎತ್ತರ ಹತ್ತು ಪಟ್ಟಾಗುತ್ತದೆ, ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಲಾಗರಿದಮ್ ಕೋಷ್ಟಕ ಹುಡುಕುವ ಪುರಸೊತ್ತು ರಾತ್ರಿಪಾಳಿಯಲ್ಲಿ ಯಾರಿಗಿದೆ? ಹಾಗಾಗಿ ನಾನು ಬಳಸುವುದು ಒಂದು ಸುಲಭ ಸೂತ್ರ: ಪ್ರತಿ 0.2 ಏರಿಕೆಗೆ ಶಕ್ತಿ ಇಮ್ಮಡಿ. 0.2ರಂತೆ ಐದು ಸಲ ಏರಿದರೆ 1 ಆಗುತ್ತದೆ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. 3.1ರಿಂದ 6.2ರವರೆಗೆ ಹೀಗೆ ಇಮ್ಮಡಿಸುತ್ತ ಹೋದರೆ ನಲವತ್ತು ಸಾವಿರ ಪಟ್ಟು ದಾಟುತ್ತದೆ. ವರದಿಯಲ್ಲಿದ್ದದ್ದು ‘ಅರ್ಧ’!

ಇಷ್ಟು ತಿಳಿದ ಮೇಲೆ ಇನ್ನೊಂದು ತುದಿಗೆ ಜಾರುವವರಿದ್ದಾರೆ. 2001ರ ಭುಜ್ ಭೂಕಂಪ 7.7. ಕಿಲ್ಲಾರಿಗಿಂತ 1.5 ಹೆಚ್ಚು, ಶಕ್ತಿಯಲ್ಲಿ ಸುಮಾರು 180 ಪಟ್ಟು. ಹಾಗಂತ ಭುಜ್‌ನ ಒಂದು ಮನೆ ಕಿಲ್ಲಾರಿಯ ಮನೆಗಿಂತ 180 ಪಟ್ಟು ಜೋರಾಗಿ ಅಲುಗಲಿಲ್ಲ. ದೊಡ್ಡ ಭೂಕಂಪದಲ್ಲಿ ಬಂಡೆ ಬಹಳ ಉದ್ದಕ್ಕೆ ಸೀಳುತ್ತದೆ, ಹೆಚ್ಚು ಹೊತ್ತು ಸೀಳುತ್ತದೆ. ಶಕ್ತಿಯ ಬಹುಪಾಲು ಆ ಉದ್ದಕ್ಕೂ ಆ ಹೊತ್ತಿಗೂ ಹಂಚಿಹೋಗುತ್ತದೆ. ಕಿಲ್ಲಾರಿಯದು ಚಿಕ್ಕದಾದರೂ ನೆಲದಡಿ ಹೆಚ್ಚು ಆಳದಲ್ಲಿರಲಿಲ್ಲ. ಮೇಲಿದ್ದವು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳು, ಭಾರದ ಮಾಳಿಗೆಗಳು, ಮತ್ತು ನಸುಕಿನ ನಾಲ್ಕರ ಹೊತ್ತಿಗೆ ಒಳಗೆ ಮಲಗಿದ್ದ ಜನ. ಸುಮಾರು ಹತ್ತು ಸಾವಿರ ಮಂದಿ ಸತ್ತರು. ಭುಜ್‌ನಲ್ಲಿ ಸತ್ತವರು ಸುಮಾರು ಇಪ್ಪತ್ತು ಸಾವಿರ. 180 ಪಟ್ಟು ಎಂಬ ಅಂಕಿಯಿಂದ ಇದನ್ನು ಊಹಿಸಲು ಆಗುತ್ತಿತ್ತೆ?

ಹಾಗಾಗಿ ಪ್ರಮಾಣದ ಜೊತೆಗೆ ತೀವ್ರತೆಯನ್ನೂ ಬರೆಯದೆ ನಾನು ಸುದ್ದಿ ಬಿಡುವುದಿಲ್ಲ. “ಸರ, ನಮ್ ರಾಯಚೂರಾಗ ಎಷ್ಟು ರಿಕ್ಟರ್ ಆಗ್ಯದ್ರಿ?” ಎಂದು ಓದುಗರು ಕೇಳುತ್ತಾರೆ. ಒಂದು ಭೂಕಂಪಕ್ಕೆ ಪ್ರಮಾಣ ಒಂದೇ. ಅದು ನೆಲದಡಿ ಆದದ್ದರ ಅಳತೆ, ರಾಯಚೂರಿಗೊಂದು ಲಾತೂರಿಗೊಂದು ಇರುವುದಿಲ್ಲ. ತೀವ್ರತೆ ಮಾತ್ರ ಊರೂರಿಗೂ ಬೇರೆ, ಏಕೆಂದರೆ ಅದು ಆ ಊರಿನ ಜನಕ್ಕೆ, ಪಾತ್ರೆಗೆ, ಗೋಡೆಗೆ ಏನಾಯಿತು ಎಂಬುದರ ಅಳತೆ. ಅದಕ್ಕೆ ಹನ್ನೆರಡು ದರ್ಜೆಗಳಿವೆ. ಕಿಲ್ಲಾರಿಯಿಂದ ರಾಯಚೂರು ಇನ್ನೂರು ಕಿಲೋಮೀಟರ್‌ಗಿಂತ ದೂರ. ಭುಜ್ ಭೂಕಂಪದ ಕೇಂದ್ರದಿಂದ ಅಹಮದಾಬಾದ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಅಹಮದಾಬಾದ್‌ನಲ್ಲಿ ಬಹುಮಹಡಿ ಕಟ್ಟಡಗಳೇ ಕುಸಿದವು. ಪ್ರಮಾಣ ದೊಡ್ಡದಿದ್ದುದು ಒಂದು ಕಾರಣ, ನಗರ ನಿಂತಿದ್ದ ನದಿಯ ಮೆಕ್ಕಲು ನೆಲ ಇನ್ನೊಂದು. ಮೆಕ್ಕಲು ಅಲುಗಾಟವನ್ನು ಹಿಗ್ಗಿಸುತ್ತದೆ. ರಾಯಚೂರಿನ ಗಟ್ಟಿ ಬಂಡೆಯ ನೆಲ ಹಾಗಲ್ಲ.

ಕೆಲಸದ ಕ್ರಮ ಹೀಗೆ. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ಕೊಡುವ ಪ್ರಮಾಣ, ಆಳ, ಕೇಂದ್ರದ ಸ್ಥಳವನ್ನು ಮೊದಲು ಬರೆದುಕೊಳ್ಳುತ್ತೇನೆ. ಮೊದಲ ಅಂಕಿ ಆಮೇಲೆ ಪರಿಷ್ಕರಣೆಯಾಗಬಹುದು, ಅದಕ್ಕೇ ‘ಪ್ರಾಥಮಿಕ’ ಎಂದು ಸೇರಿಸುತ್ತೇನೆ. ನಂತರ ಬೇರೆ ಬೇರೆ ಊರುಗಳ ಪರಿಚಿತರಿಗೆ ಫೋನು. “ಜೋರಾಗಿತ್ತಾ?” ಎಂದು ಕೇಳುವುದಿಲ್ಲ, ಹಾಗೆ ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ನೆಲಮನೆಯಲ್ಲಿದ್ದಿರೋ ಮಹಡಿಯ ಮೇಲೋ? ಪಾತ್ರೆ, ಕಿಟಕಿ ಸದ್ದು ಮಾಡಿದವೇ? ಮಲಗಿದ್ದವರು ಎದ್ದರೇ? ಗಾರೆ ಬಿರಿಯಿತೇ? ಪಾತ್ರೆ, ಬಾಗಿಲು ಗಡಗಡ ಎಂದರೆ ನಾಲ್ಕನೇ ದರ್ಜೆ, ಮಲಗಿದ್ದವರಲ್ಲಿ ಬಹುಮಂದಿ ಎದ್ದರೆ ಐದು, ಗಾರೆಗೆ ಬಿರುಕು ಬಿಟ್ಟರೆ ಆರು. ಮೇಲಿನ ಮಹಡಿಯವರಿಗೆ ಅಲುಗಾಟ ಹೆಚ್ಚು ತಿಳಿಯುವುದರಿಂದ ಅವರೊಬ್ಬರ ಮಾತಿನ ಮೇಲೆ ದರ್ಜೆ ಏರಿಸುವುದಿಲ್ಲ. ಸಂಡೂರಿನಂಥ ಗಣಿ ಸೀಮೆಯಾದರೆ ಆ ಹೊತ್ತಿಗೆ ಸ್ಫೋಟ ನಡೆದಿತ್ತೇ ಎಂದೂ ವಿಚಾರಿಸುತ್ತೇನೆ.

ಕಂಪನಮಾಪಕ ಬರುವ ಮುಂಚಿನ ಭೂಕಂಪಗಳಿಗೆ ಇರುವುದು ಇಂಥ ಉತ್ತರಗಳೇ. 1843ರ ಬಳ್ಳಾರಿ ಭೂಕಂಪಕ್ಕೆ ಇಂದು ಪಟ್ಟಿಗಳಲ್ಲಿ ಕಾಣುವ ಪ್ರಮಾಣ ಯಾವ ಯಂತ್ರವೂ ಅಳೆದದ್ದಲ್ಲ. ಅಂಥವನ್ನು ಅಂದಿನ ಜನರ ಅನುಭವದ ವಿವರಗಳಿಂದ ಹಿಂದಕ್ಕೆ ಲೆಕ್ಕಹಾಕಿ ಅಂದಾಜಿಸುತ್ತಾರೆ, ಹಾಗಾಗಿ ಅವುಗಳ ಮುಂದೆ ‘ಸುಮಾರು’ ಎಂದು ಬರೆಯುತ್ತೇನೆ.

ಅಚ್ಚಿಗೆ ಹೋಗುವಾಗ ಪ್ರಮಾಣವನ್ನು ಅಂಕಿಯಲ್ಲಿ, ತೀವ್ರತೆಯನ್ನು ಅಕ್ಷರದಲ್ಲಿ ಬರೆಸುತ್ತೇನೆ. ಎರಡೂ ಅಂಕಿಯಲ್ಲಿದ್ದರೆ ಓದುಗರು ಹೋಲಿಸಿಬಿಡುತ್ತಾರೆ. ಅರ್ಧ, ಮುಕ್ಕಾಲು, ಶೇಕಡಾ ಎಂಬ ಪದಗಳನ್ನು ಪ್ರಮಾಣದ ಪಕ್ಕದಲ್ಲಿ ಕಂಡರೆ ಹೊಡೆದುಹಾಕುತ್ತೇನೆ. ಆ ದಿನ ಅಚ್ಚಾದ ಸಾಲು ಹೀಗಿತ್ತು: “ಪ್ರಾಥಮಿಕ ಪ್ರಮಾಣ 3.1, ಕೇಂದ್ರದ ಸುತ್ತಲ ಹಳ್ಳಿಗಳಲ್ಲಿ ನಾಲ್ಕನೇ ದರ್ಜೆಯ ತೀವ್ರತೆ, ಪಾತ್ರೆಗಳು ಸದ್ದು ಮಾಡಿವೆ, ಗೋಡೆಗಳಿಗೆ ಹಾನಿ ವರದಿಯಾಗಿಲ್ಲ, ರಾಯಚೂರಿನಲ್ಲಿ ಯಾರ ಅನುಭವಕ್ಕೂ ಬಂದಿಲ್ಲ.”