ಮಚ್ಚೆ ಇಲ್ಲದ ಫೋಟೊ

ಮದುವೆ ಫೋಟೊ ತೆಗೆಯೋದು ನನ್ನ ಕಸುಬು. ಹೋದ ವರ್ಷ ಗೆಳತಿಯೊಬ್ಬಳ ಅರಿಶಿನ ಶಾಸ್ತ್ರದ ಫೋಟೊ ತೆಗೆದು, ಅವಳನ್ನು ಕೇಳದೆ ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದೆ. ರಾತ್ರಿ ಅವಳ ಮೆಸೇಜ್ ಬಂತು: "ಯಾರೇ ಇವಳು?"

ತಮಾಷೆ ಅಂದುಕೊಂಡೆ. ಆಮೇಲೆ ಕೆಳಗಿನ ಕಾಮೆಂಟ್ ಓದಿದೆ. ಅವಳ ಚಿಕ್ಕಮ್ಮ "ಗುರುತೇ ಸಿಗಲಿಲ್ಲ, ಎಷ್ಟು ಬೆಳ್ಳಗೆ ಕಾಣ್ತಿದ್ದೀಯ!" ಅಂತ ಬರೆದಿದ್ದರು.

ಮೂಲ ಫೋಟೊ ಪಕ್ಕದಲ್ಲಿಟ್ಟು ನೋಡಿದೆ. ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಕಿತ್ತಳೆ ಬಣ್ಣದ ಹೊಳಪು ಏರಿಸಿದ್ದೆ. ನಮ್ಮ ಚರ್ಮದ ಬಣ್ಣ ಬಹುಪಾಲು ಅದರಲ್ಲೇ ಇರುವುದರಿಂದ ಮುಖ ತಿಳಿಯಾಗಿತ್ತು, ಜೊತೆಗೆ ಕೊರಳಿನ ಚೆಂಡುಹೂವೂ ಬಿಳಿಚಿಕೊಂಡಿತ್ತು. ದವಡೆ ಒಳಕ್ಕೆ ಒತ್ತಿದ್ದಕ್ಕೆ ಹಿಂದಿನ ಬಾಗಿಲ ಚೌಕಟ್ಟು ಅಲ್ಲೇ ಸ್ವಲ್ಪ ಬಾಗಿತ್ತು. ಗದ್ದದ ಮಚ್ಚೆ ಇರಲೇ ಇಲ್ಲ. ಅವಳ ಅಮ್ಮನಿಗೂ ಅದೇ ಜಾಗದಲ್ಲಿ ಮಚ್ಚೆ ಇತ್ತು. ಅಮ್ಮ ಈಗಿಲ್ಲ.

ಮೊದಲು ಪೋಸ್ಟ್ ತೆಗೆದೆ. ಅಲ್ಲಿ ಹಾಕಿದ ಮೇಲೆ ಫೋಟೊ ಬದಲಿಸೋಕಾಗಲ್ಲ, ಬರಹ, ಟ್ಯಾಗ್ ಇಂಥವನ್ನಷ್ಟೇ ತಿದ್ದಬಹುದು. ಕ್ಷಮೆ ಕೇಳುವಾಗ ಆ ಫೋಟೊಗೆ ಇನ್ನೂ ಲೈಕ್ ಬೀಳ್ತಾ ಇದ್ದರೆ ಯಾವ ಮುಖ ಇಟ್ಟುಕೊಂಡು ಕೇಳೋದು?

ಆಮೇಲೆ ಬರೆಯಲು ಕೂತೆ. "ಬೇಜಾರ್ ಮಾಡ್ಕೋಬೇಡ ಕಣೇ, ನೀನು ಹೇಗಿದ್ರೂ ಚೆಂದ" ಅಂತ ಶುರು ಮಾಡಿ ಅಳಿಸಿದೆ. ಹೇಗಿದ್ರೂ ಚೆಂದ ಅನ್ನೋಳು ದವಡೆ ಯಾಕೆ ಒತ್ತಿದೆ ಅಂತ ಅವಳು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಕು ಸರಿಯಿರಲಿಲ್ಲ, ಎಲ್ಲ ಫೋಟೊಗೂ ಒಂದೇ ಸೆಟ್ಟಿಂಗ್ ಹಾಕಿದ್ದೆ ಅಂತ ಉದ್ದ ಬರೆದೆ. ಅದೂ ಹೋಯಿತು. ಮಚ್ಚೆಯನ್ನು ಯಾವ ಸೆಟ್ಟಿಂಗೂ ತೆಗೆದಿರಲಿಲ್ಲ, ನನ್ನ ಕೈಯೇ ತೆಗೆದಿತ್ತು.

ಕಳಿಸಿದ್ದು ಇಷ್ಟು:

"ನಿನ್ನ ಬಣ್ಣ ತಿಳಿ ಮಾಡಿದ್ದು, ದವಡೆ ಸಣ್ಣ ಮಾಡಿದ್ದು, ಮಚ್ಚೆ ಅಳಿಸಿದ್ದು ಎಲ್ಲಾ ನಾನೇ. ನಿನ್ನ ಕೇಳ್ದೇ ಹಾಕ್ದೆ. ತಪ್ಪಾಯ್ತು ಕಣೇ. ಪೋಸ್ಟ್ ತೆಗೆದಿದ್ದೀನಿ. ಚಿಕ್ಕಮ್ಮ ಸ್ಟೇಟಸ್‌ಗೆ ಹಾಕ್ಕೊಂಡಿದ್ದಾರೆ, ಅದು ನನ್ನ ಕೈಲಿಲ್ಲ. ನೀನು ಹೂಂ ಅಂದ್ರೆ ನಾನೇ ಫೋನ್ ಮಾಡಿ ತೆಗೆಸ್ತೀನಿ. ಏನೂ ತಿದ್ದದೇ ಇರೋ ಫೋಟೊ ಕೆಳಗಿದೆ. ಈಗ್ಲೇ ಏನೂ ಹೇಳ್ಬೇಕಂತಿಲ್ಲ."

ನೀಲಿ ಗೀಟು ಬಿತ್ತು, ಉತ್ತರ ಇಲ್ಲ. ಇನ್ನೊಂದು ಮೆಸೇಜ್ ಕಳಿಸಲು ಕೈ ಕಡಿಯುತ್ತಿತ್ತು. ಫೋನ್ ಅಡುಗೆಮನೆಯಲ್ಲಿಟ್ಟು ಮಲಗಿದೆ.

ಬೆಳಿಗ್ಗೆ "ಚಿಕ್ಕಮ್ಮಂಗೆ ಫೋನ್ ಮಾಡು" ಅಂತಷ್ಟೇ ಇತ್ತು. ಮಾಡಿದೆ. "ಅದೇ ಚೆನ್ನಾಗಿತ್ತಲ್ಲಮ್ಮ" ಅಂತ ಗೊಣಗಿಕೊಂಡೇ ತೆಗೆದರು.

ಮೂರು ದಿನ ಬಿಟ್ಟು ಅವಳು ಮೂಲ ಫೋಟೊದಲ್ಲಿ ಹಣೆ ಮೇಲೊಂದು ಗೀರು ಹಾಕಿ ಕಳಿಸಿದಳು: "ಈ ಮೊಡವೆ ಒಂದು ತೆಗಿ. ಕೆಳಗೆ ಬಂದ್ರೆ ನೋಡು ಮತ್ತೆ."