ಕಿವಿ ಮೆಷಿನ್ ಸೆಲ್ ಮೂರೇ ದಿನಕ್ಕೆ ಖಾಲಿಯಾದರೆ ಏನು ನೋಡಬೇಕು?

ಮಳೆಗಾಲ ಶುರುವಾದರೆ ಮಡಿಕೇರಿ, ಸೋಮವಾರಪೇಟೆ ಕಡೆ ಹಿರಿಯರಿಂದ ಒಂದೇ ದೂರು: 'ಕಿವಿ ಮೆಷಿನ್ ಸೆಲ್ ನಿಲ್ಲೋದೇ ಇಲ್ಲ.' ಹೆಚ್ಚಿನವರು ಮೆಷಿನ್ನನ್ನೇ ಬೈಯುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಸೆಲ್ಲನ್ನು. ಕಿವಿಯ ಹಿಂದೆ ಕೂರುವ, ಜಾಸ್ತಿ ಶಕ್ತಿಯ ದೊಡ್ಡ ಮೆಷಿನ್‌ಗಳಲ್ಲಿ ಈ ತೊಂದರೆ ಹೆಚ್ಚು. ಅವು ಸಾಮಾನ್ಯವಾಗಿ 675 ಅಳತೆಯ ಸೆಲ್ ಬಳಸುತ್ತವೆ.

ಮೊದಲು ಸೆಲ್ ಹೊರತೆಗೆದು, ಬೆಳಕಿನಲ್ಲಿ ಹಿಡಿದು, ಮೇಲಿನ ಅಕ್ಷರ ಓದಿ. ಕಣ್ಣು ಸಾಲದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. 675 ಅಥವಾ ಪಿಆರ್ 44 ಎಂದಿದ್ದರೆ ಸರಿ. ಎಲ್‌ಆರ್ 44 ಅಥವಾ ಎಜಿ 13 ಎಂದಿದ್ದರೆ ಕಾರಣ ಸಿಕ್ಕಿತು. ಆಟಿಕೆಗೆ, ಸಣ್ಣ ಟಾರ್ಚಿಗೆ ಹಾಕುವ ಸೆಲ್ ಅದು. ಎರಡರ ಅಳತೆಯೂ ಒಂದೇ, 11.6 ಮಿ.ಮೀ. ಅಗಲ, 5.4 ಮಿ.ಮೀ. ದಪ್ಪ. ಹಾಗಾಗಿ ಬಾಗಿಲು ಸಲೀಸಾಗಿ ಮುಚ್ಚುತ್ತದೆ, ಮೆಷಿನ್ ಕೆಲಸವನ್ನೂ ಮಾಡುತ್ತದೆ. ಅಂಗಡಿಯವರು 'ಇದೇ ಸೈಜು' ಎಂದು ಕೊಡುವುದೂ ಇದಕ್ಕೇ.

ವ್ಯತ್ಯಾಸ ಇರುವುದು ಒಳಗೆ. ಪಿಆರ್ 44 ಗಾಳಿಯಿಂದ ಆಮ್ಲಜನಕ ತೆಗೆದುಕೊಂಡು ನಡೆಯುವ ಜಿಂಕ್-ಏರ್ ಸೆಲ್. ಆಮ್ಲಜನಕ ಹೊರಗಿನಿಂದ ಬರುವುದರಿಂದ ಒಳಗೆ ಬಹುಪಾಲು ಜಾಗ ಸತುವಿಗೇ ಸಿಗುತ್ತದೆ. ಎಲ್‌ಆರ್ 44ರಲ್ಲಿ ಎರಡೂ ಸಾಮಗ್ರಿ ಆ ಪುಟ್ಟ ಡಬ್ಬಿಯಲ್ಲೇ ಇರಬೇಕು. ಆದ್ದರಿಂದ ಮೊದಲನೆಯದು ಸುಮಾರು 600 ಮಿಲಿಆಂಪ್-ಅವರ್ ಕೊಟ್ಟರೆ, ಎರಡನೆಯದು ಹೆಚ್ಚೆಂದರೆ 150ರ ಆಸುಪಾಸು.

ಒಂದು ಲೆಕ್ಕ ಹಾಕೋಣ. ಅಜ್ಜಿಯ ಮೆಷಿನ್ 4 ಮಿಲಿಆಂಪ್ ಎಳೆಯುತ್ತದೆ, ದಿನಕ್ಕೆ 12 ಗಂಟೆ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಸರಿಯಾದ ಸೆಲ್ 150 ಗಂಟೆ, ಅಂದರೆ ಹನ್ನೆರಡು ದಿನ ಬರುತ್ತದೆ. ಎಲ್‌ಆರ್ 44 ಮೂರು ದಿನಕ್ಕೇ ಮುಗಿಯುತ್ತದೆ. ವೋಲ್ಟೇಜ್ ಬೇಗ ಇಳಿಯುವುದರಿಂದ ಮೆಷಿನ್ ಅದಕ್ಕೂ ಮೊದಲೇ 'ಬೀಪ್' ಅನ್ನಬಹುದು. ಕಡಿಮೆ ಬೆಲೆಗೆ ಸಿಕ್ಕಿತು ಎಂದು ಇದನ್ನು ದಯವಿಟ್ಟು ತರಬೇಡಿ.

ಅಕ್ಷರ ಅಳಿಸಿದ್ದರೆ ಚಪ್ಪಟೆ ಮುಖ ನೋಡಿ. ಜಿಂಕ್-ಏರ್ ಸೆಲ್ಲಿನಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಹೊಸದರಲ್ಲಿ ಅವುಗಳ ಮೇಲೆ ನೀಲಿ ಚೀಟಿ ಅಂಟಿರುತ್ತದೆ. 675ಕ್ಕೆ ನೀಲಿ, 13ಕ್ಕೆ ಕಿತ್ತಳೆ, 312ಕ್ಕೆ ಕಂದು, 10ಕ್ಕೆ ಹಳದಿ. ಎಲ್‌ಆರ್ 44ರಲ್ಲಿ ತೂತೂ ಇಲ್ಲ, ಚೀಟಿಯೂ ಇಲ್ಲ.

ಸೆಲ್ ಸರಿಯಿದ್ದೂ ಬೇಗ ಸತ್ತರೆ, ಚೀಟಿ ಯಾವಾಗ ಕಿತ್ತಿರಿ ಎಂದು ನೆನಪಿಸಿಕೊಳ್ಳಿ. ಚೀಟಿ ಕಿತ್ತ ಕ್ಷಣದಿಂದ ಸೆಲ್ ಸವೆಯಲು ಶುರು. ವಾಪಸ್ ಅಂಟಿಸಿದರೂ ಸವೆತ ಪೂರ್ತಿ ನಿಲ್ಲುವುದಿಲ್ಲ. ಇಡೀ ಪಟ್ಟಿಯ ಚೀಟಿಗಳನ್ನು ಒಟ್ಟಿಗೆ ಕಿತ್ತಿಟ್ಟರೆ ಅಷ್ಟೂ ಸೆಲ್ ಹಾಳು. ಕಿತ್ತ ಮೇಲೆ ತಕ್ಷಣ ಹಾಕಬೇಡಿ, ಗಾಳಿ ಒಳಗೆ ಹೋಗಲಿ. ಕೆಲವರು ಒಂದು ನಿಮಿಷ ಸಾಕು ಎನ್ನುತ್ತಾರೆ. ನನ್ನ ಸಲಹೆ ಐದು ನಿಮಿಷ.

ಇನ್ನು ಬಾಗಿಲು ಮತ್ತು ಕಂಬಿಗಳು. ನಮ್ಮ ಮಳೆಯ ತೇವ, ಬೆವರು ಸೇರಿ ಕಂಬಿಯ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟುತ್ತದೆ. ಸೆಲ್ ತೆಗೆದು, ಒಣ ಇಯರ್ ಬಡ್‌ನಿಂದ ಮೆಲ್ಲಗೆ ಒರೆಸಿ. ಹೋಗದಿದ್ದರೆ ಬಡ್‌ನ ತುದಿಗೆ ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಮರಳು ಕಾಗದ, ಬ್ಲೇಡು ಮುಟ್ಟಿಸಲೇ ಬೇಡಿ. ಕಂಬಿಯ ಮೇಲಿನ ಲೇಪನ ಹೋದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಕಂಬಿ ಬಾಗಿ ಸೆಲ್ಲನ್ನು ಮುಟ್ಟುತ್ತಿಲ್ಲ ಅನಿಸಿದರೆ ಇಕ್ಕಳ ಹಾಕಿ ಎಳೆಯಬೇಡಿ, ರಿಪೇರಿಗೆ ಕೊಡಿ.

ಬಾಗಿಲಿನಲ್ಲಿ ಗಾಳಿಗೆಂದೇ ಸಣ್ಣ ಸಂದು ಇರುತ್ತದೆ. ಕೊಳೆ ತುಂಬಿದರೆ ಸೆಲ್ ಉಸಿರುಗಟ್ಟುತ್ತದೆ. ಹಾಕಿದ ಸ್ವಲ್ಪ ಹೊತ್ತಿಗೆ ದನಿ ಕುಗ್ಗಿ, ಬಾಗಿಲು ತೆರೆದಿಟ್ಟರೆ ಮತ್ತೆ ಸರಿಯಾಗುವುದು ಇದರ ಗುರುತು. ಒಣ ಮೆತ್ತನೆ ಬ್ರಷ್ ಸಾಕು.

ರಾತ್ರಿ ಬಾಗಿಲು ತೆರೆದು, ಸೆಲ್ ಹೊರತೆಗೆದು, ಮೆಷಿನ್ನನ್ನು ಮಾತ್ರ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಡಬ್ಬಿಯೊಳಗೆ ಸೆಲ್ ಇಟ್ಟರೆ ಅದರ ನೀರಿನಂಶ ಒಣಗಿ ಬೇಗ ಸಾಯುತ್ತದೆ. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅದರ ಪುಡಿ ಮೈಕಿನ ತೂತಿಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವುದಂತೂ ಬೇಡವೇ ಬೇಡ, ಶಾಖ ಮತ್ತು ಹೊಗೆ ಎರಡೂ ಕೆಡುಕು.

ಸೆಲ್ಲುಗಳು ಮಕ್ಕಳ ಕೈಗೆ ಸಿಗಬಾರದು. ನುಂಗಿದ್ದಾರೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಸರಿಯಿದ್ದೂ, ಅವಧಿ ಮೀರದ ಹೊಸ ಸೆಲ್ ಬೇಗ ಖಾಲಿಯಾದರೆ ಮೆಷಿನ್ ಒಳಗೇ ವಿದ್ಯುತ್ ಸೋರುತ್ತಿರಬಹುದು. ಪ್ರತಿ ಸೆಲ್ ಹಾಕಿದ ಮತ್ತು ಸತ್ತ ದಿನ ಬರೆದಿಟ್ಟು, ಸೆಲ್ಲಿನ ಪಟ್ಟಿಯ ಜೊತೆ ಆಡಿಯಾಲಜಿಸ್ಟ್ ಬಳಿ ಹೋಗಿ. ಅವರು ಮೆಷಿನ್ ಎಳೆಯುವ ವಿದ್ಯುತ್ತನ್ನು ಅಳೆದು ನೋಡಬಲ್ಲರು.