ಪ್ಯಾನಿಕ್ ರೋಗಿಯ ಫಾರ್ಮುಲೇಶನ್: ‘ಗ್ಯಾಸ್’ ಎಂಬ ಒಂದು ಮಾತನ್ನು ಬಿಡಿಸಿದ ಬಗೆ

ಆತಂಕದ ರೋಗಿಯ ಕೇಸ್ ಫಾರ್ಮುಲೇಶನ್, ಅಂದರೆ ತೊಂದರೆ ಹೇಗೆ ಬಂತು, ಯಾಕೆ ಉಳಿದಿದೆ ಎಂಬ ವಿವರಣೆ, ಬರೆಯುವಾಗ ನಾನು ಒಂದರೊಳಗೊಂದು ಎರಡು ಚೌಕಟ್ಟು ಬಳಸುತ್ತೇನೆ. ಹೊರಗಿನದು ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಓದಿದವರಿಗೆಲ್ಲ ಗೊತ್ತಿರುವ, ಇಂಗ್ಲಿಷಿನಲ್ಲಿ ಪಿ ಅಕ್ಷರದಿಂದ ಶುರುವಾಗುವ ‘ಐದು ಪಿ’: ಈಗಿನ ತೊಂದರೆ, ಮೊದಲೇ ಇದ್ದ ಒಲವು, ಈಗ ಶುರುವಾಗಲು ಕಾರಣ, ಹೋಗದೆ ಉಳಿಸಿರುವ ಅಂಶ, ರೋಗಿಗಿರುವ ಆಸರೆ. ನಾಲ್ಕನೆಯದರ, ಅಂದರೆ ಉಳಿಸಿರುವ ಅಂಶದ, ಒಳಗೆ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮುಂದಿಟ್ಟ ಪ್ಯಾನಿಕ್ ಚಕ್ರವನ್ನು ಇಡುತ್ತೇನೆ. ಮೈಯಲ್ಲಿ ಏನೋ ಆಗುತ್ತದೆ, ಅದನ್ನು ದೊಡ್ಡ ಅಪಾಯವೆಂದು ಓದಿಕೊಳ್ಳುತ್ತೇವೆ, ಭಯ ಏರುತ್ತದೆ, ಭಯದಿಂದ ಮೈಯಲ್ಲಿ ಇನ್ನಷ್ಟು ಆಗುತ್ತದೆ. ಆ ಚಕ್ರ ಇಷ್ಟೇ. ಆದರೆ ‘ಅಪಾಯವೆಂದು ಓದಿಕೊಳ್ಳುವುದು’ ಎಂಬ ಜಾಗದಲ್ಲಿ ಏನು ಬರೆಯುತ್ತೇವೆ ಎನ್ನುವುದರ ಮೇಲೆ ಇಡೀ ಚಿಕಿತ್ಸೆ ನಿಂತಿದೆ.

ಹಲವು ರೋಗಿಗಳ ವಿವರ ಬೆರೆಸಿ, ಗುರುತು ಸಿಗದಂತೆ ಮಾಡಿದ ಒಂದು ಕೇಸ್ ಇಟ್ಟುಕೊಂಡು ಹೇಳುತ್ತೇನೆ. 36 ವರ್ಷದ ಗಂಡಸು, ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ನಾಲ್ಕು ತಿಂಗಳಿಂದ ವಾರಕ್ಕೆ ಎರಡು-ಮೂರು ಸಲ ಎದೆ ಬಿಗಿತ, ಉಸಿರು ಸಾಲದ ಭಾವ, ಬೆರಳಲ್ಲಿ ಜುಮುಜುಮು. ಮೂರು ಸಲ ಎಮರ್ಜೆನ್ಸಿಗೆ ಹೋಗಿ ಬಂದಿದ್ದಾರೆ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲವೂ ಸರಿಯಿವೆ. ಈ ವರದಿಗಳನ್ನು ಕಣ್ಣಾರೆ ನೋಡದೆ ನಾನು ಫಾರ್ಮುಲೇಶನ್‌ಗೆ ಕೈಹಾಕುವುದಿಲ್ಲ. ಆತಂಕ ಅಳೆಯುವ ಏಳು ಪ್ರಶ್ನೆಗಳ ಪಟ್ಟಿ ಜಿಎಡಿ-7ರಲ್ಲಿ 21ಕ್ಕೆ 13 ಬಂತು. ಅದು ಆತಂಕದ ತೀವ್ರತೆ ಮಧ್ಯಮ ಎಂದಷ್ಟೇ ಹೇಳುತ್ತದೆ, ಪ್ಯಾನಿಕ್ ಹೌದೋ ಅಲ್ಲವೋ ಎಂದು ಹೇಳುವುದಿಲ್ಲ.

ಮೊದಲ ಭೇಟಿಯಲ್ಲಿ ಇಡೀ ಜೀವನಚರಿತ್ರೆ ಕೇಳುವ ಬದಲು, ತೀರಾ ಇತ್ತೀಚಿನ ಒಂದೇ ಒಂದು ಪ್ಯಾನಿಕ್ ಅಟ್ಯಾಕ್ ಹಿಡಿದು ನಿಮಿಷ ನಿಮಿಷಕ್ಕೆ ಬಿಡಿಸುತ್ತೇನೆ. ಇದಕ್ಕೆ 30-40 ನಿಮಿಷ ಬೇಕೇ ಬೇಕು. ‘ಸಾಮಾನ್ಯವಾಗಿ ಏನಾಗುತ್ತೆ?’ ಎಂದು ಕೇಳಿದರೆ ರೋಗಿ ಸಾರಾಂಶ ಒಪ್ಪಿಸುತ್ತಾರೆ, ಸಾರಾಂಶದಲ್ಲಿ ಚಕ್ರ ಕಾಣುವುದಿಲ್ಲ. ‘ಮೊನ್ನೆ ಗುರುವಾರ ಬಸ್ಸಿನಲ್ಲಿ, ಯಾವ ಸೀಟು, ಮೊಟ್ಟಮೊದಲು ಮೈಯಲ್ಲಿ ಎಲ್ಲಿ ಗೊತ್ತಾಯಿತು?’ ಎಂದು ಕೇಳಬೇಕು. ಪ್ರತಿ ಉತ್ತರದ ನಂತರ ಮತ್ತೆರಡು ಪ್ರಶ್ನೆ: ‘ಆಗ ಮನಸ್ಸಿಗೆ ಏನು ಬಂತು?’, ‘ಆಗ ಏನು ಮಾಡಿದಿರಿ?’

ಈ ಕೇಸಿನಲ್ಲಿ ನಡೆದ ಮಾತು ಹೀಗಿತ್ತು.

‘ಎದೆ ಹಿಡಿದಾಗ ಏನನ್ನಿಸಿತು?’

‘ಗ್ಯಾಸ್ ಆಯ್ತು ಅನ್ನಿಸ್ತು ಮೇಡಂ.’

‘ಗ್ಯಾಸ್ ಆದ್ರೆ ಏನಾಗುತ್ತೆ ಅಂತ ನಿಮಗೆ ಭಯ?’

‘ಮೇಲಕ್ಕೇರುತ್ತಲ್ಲ. ಹಾರ್ಟಿಗೆ ಒತ್ತಿ ನಿಲ್ಲಿಸಿಬಿಡುತ್ತೆ. ನಮ್ಮಪ್ಪನೂ ಹಿಂಗೇ ಗ್ಯಾಸ್ ಅಂತಲೇ ಮಲಗಿದ್ರು, ಏಳಲಿಲ್ಲ.’

‘ಇಸಿಜಿ ಸರಿಯಿದೆ ಅಂದ್ರಲ್ಲ ಡಾಕ್ಟ್ರು?’

‘ಅಲ್ಲಿಗೆ ಹೋಗೋ ಹೊತ್ತಿಗೆ ಗ್ಯಾಸ್ ಇಳಿದಿರುತ್ತೆ. ಇಸಿಜೀಲಿ ಏನು ಕಾಣುತ್ತೆ?’

ಮೊದಲ ಉತ್ತರಕ್ಕೇ ನಿಂತಿದ್ದರೆ ‘ದೈಹಿಕ ದೂರು: ಗ್ಯಾಸ್’ ಎಂದು ಬರೆದು ಮುಗಿಸುತ್ತಿದ್ದೆ. ಅವಸರದಲ್ಲಿ ಪಠ್ಯದ ಮಾತು ತುಂಬಿದ್ದರೆ ‘ಹೃದಯಾಘಾತದ ಭಯ’ ಎಂದಾಗುತ್ತಿತ್ತು. ಎರಡನೆಯದು ಹತ್ತಿರ ಹತ್ತಿರ ಸರಿ ಎನ್ನಿಸಿದರೂ ಕೆಲಸಕ್ಕೆ ಬಾರದು. ಇಸಿಜಿ ಸರಿಯಿದ್ದ ಮೇಲೂ ಈ ಮನುಷ್ಯನ ಭಯ ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ‘ಗ್ಯಾಸ್ ಏರಿ ಹೃದಯ ನಿಲ್ಲಿಸುತ್ತದೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಳಿದು ಹೋಗುತ್ತದೆ’ ಎಂದು ಬರೆದಾಗ ಉತ್ತರವಿದೆ: ಈ ನಂಬಿಕೆಯನ್ನು ಯಾವ ಇಸಿಜಿಯೂ ಅಲ್ಲಾಡಿಸಲಾರದು. ಹಾಗಾಗಿ ಈ ಜಾಗದಲ್ಲಿ ರೋಗಿ ಆಡಿದ ಮಾತನ್ನೇ ಬರೆಯಿರಿ, ಪಕ್ಕದಲ್ಲಿ ಅಟ್ಯಾಕ್ ಹೊತ್ತಿನಲ್ಲಿ ಅದನ್ನು ನೂರಕ್ಕೆ ಎಷ್ಟು ನಂಬಿದ್ದರು ಎಂದೂ ಬರೆಯಿರಿ. ಇವರು 85 ಎಂದರು.

ಮುಂದೆ, ಅಪಾಯ ತಪ್ಪಿಸಿಕೊಳ್ಳಲು ಅವರು ಮಾಡುವ ಕೆಲಸಗಳು. ಬಸ್ಸು ಬಿಟ್ಟಿದ್ದನ್ನು ರೋಗಿ ತಾನಾಗಿ ಹೇಳುತ್ತಾರೆ. ಸಣ್ಣಪುಟ್ಟವನ್ನು ಹೇಳುವುದಿಲ್ಲ, ಏಕೆಂದರೆ ಅವು ಅವರಿಗೆ ಜಾಗ್ರತೆಯಾಗಿ ಕಾಣುತ್ತವೆಯೇ ಹೊರತು ರೋಗದ ಭಾಗವಾಗಿ ಅಲ್ಲ. ‘ಅದನ್ನು ಮಾಡದಿದ್ದರೆ ಅವತ್ತು ಏನಾಗುತ್ತಿತ್ತು?’ ಎಂಬ ಪ್ರಶ್ನೆಗೆ ಒಂದೊಂದಾಗಿ ಹೊರಬಂದವು: ಚಿಕ್ಕಪ್ಪನಿಗೆ ಕೊಟ್ಟಿದ್ದ, ನಾಲಿಗೆ ಕೆಳಗಿಡುವ ಹೃದಯದ ಮಾತ್ರೆ ಜೇಬಿನಲ್ಲಿ, ಬಾಟಲಿಯಲ್ಲಿ ಜೀರಿಗೆ ನೀರು, ಬೇಕೆಂದೇ ತೇಗುವುದು, ಜೋರಾಗಿ ಉಸಿರೆಳೆದು ‘ಎದೆ ಬಿಡಿಸಿಕೊಳ್ಳುವುದು’. (ಮಾತ್ರೆ ವಿಷಯ ಅವತ್ತೇ ವೈದ್ಯರಿಗೆ ತಿಳಿಸಿದೆ. ಇನ್ನೊಬ್ಬರಿಗೆ ಬರೆದುಕೊಟ್ಟ ಅಂಥ ಮಾತ್ರೆ ತೆಗೆದುಕೊಂಡರೆ ಬಿ.ಪಿ. ಕುಸಿದು ತಲೆಸುತ್ತಬಹುದು.)

ಈ ಪಟ್ಟಿಯನ್ನು ಬರೆದರೆ ಸಾಲದು, ಪ್ರತಿಯೊಂದೂ ಚಕ್ರಕ್ಕೆ ಎಲ್ಲಿ ಸೇರುತ್ತದೆ ಎಂದು ಬಾಣ ಎಳೆಯಬೇಕು. ಜೀರಿಗೆ ನೀರು ಕುಡಿದ ಮೇಲೆ ಬದುಕಿ ಉಳಿದಿದ್ದರಿಂದ ‘ನೀರು ಕಾಪಾಡಿತು’ ಎಂದಾಗುತ್ತದೆ, ಆದ್ದರಿಂದ ಅದರ ಬಾಣ ನಂಬಿಕೆಗೆ ಹೋಗುತ್ತದೆ. ಜೋರು ಉಸಿರಾಟದ್ದು ಬೇರೆ ಕಥೆ. ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಹಗುರಾಗಿ, ಬೆರಳು ಜುಮ್ಮೆಂದು, ಎದೆ ಬಿಗಿಯುತ್ತದೆ. ಹಾಗಾಗಿ ಅದರ ಬಾಣ ನೇರವಾಗಿ ಮೈಯ ಲಕ್ಷಣಕ್ಕೇ. ಇವರ ಮಟ್ಟಿಗೆ ಪರಿಹಾರವೆಂದು ಮಾಡುತ್ತಿದ್ದುದೇ ತೊಂದರೆಯನ್ನು ಹುಟ್ಟಿಸುತ್ತಿತ್ತು.

ಉಳಿದ ‘ಪಿ’ಗಳಿಗೆ ಒಂದೊಂದೇ ವಾಕ್ಯ ಸಾಕು. ಅವುಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಶುರು ಮಾಡಿದ್ದನ್ನೂ ಉಳಿಸಿರುವುದನ್ನೂ ಬೆರೆಸುವುದು. ಇವರಿಗೆ ಮೊದಲ ಅಟ್ಯಾಕ್ ಆಗಿದ್ದು ಆಡಿಟ್ ವಾರದಲ್ಲಿ, ನಿದ್ದೆಗೆಟ್ಟು, ಖಾಲಿ ಹೊಟ್ಟೆಗೆ ಮೂರು ಕಾಫಿ ಕುಡಿದ ದಿನ. ಆಡಿಟ್ ಮುಗಿದು ತಿಂಗಳುಗಳಾದರೂ ಅಟ್ಯಾಕ್ ನಿಂತಿಲ್ಲ. ಆದ್ದರಿಂದ ‘ಕೆಲಸದ ಒತ್ತಡ’ ಮೂರನೆಯ ಪಿಗೆ ಸೇರುತ್ತದೆ, ನಾಲ್ಕನೆಯದಕ್ಕಲ್ಲ. ತಪ್ಪು ಜಾಗದಲ್ಲಿಟ್ಟರೆ ರಜೆ ಹಾಕಿ ಎಂಬ ಸಲಹೆಯಲ್ಲಿ ಚಿಕಿತ್ಸೆ ಮುಗಿಯುತ್ತದೆ.

ಫೈಲಿನಲ್ಲಿ ಬರೆದದ್ದು ಇಷ್ಟು:

‘ತಂದೆ ಗ್ಯಾಸ್ ಎಂದು ಮಲಗಿದವರು ತೀರಿಕೊಂಡಿದ್ದರಿಂದ ಎದೆಯ ಬಿಗಿತವನ್ನು ಸಾವಿನ ಸೂಚನೆಯಾಗಿ ಕಾಣುವ ಒಲವು ಮೊದಲೇ ಇತ್ತು. ನಿದ್ದೆಗೇಡು ಮತ್ತು ಕಾಫಿಯಿಂದ ಬಂದ ಎದೆಬಡಿತದಲ್ಲಿ ಮೊದಲ ಅಟ್ಯಾಕ್ ಆಯಿತು. ಗ್ಯಾಸ್ ಏರಿ ಹೃದಯ ನಿಲ್ಲುತ್ತದೆಂಬ ನಂಬಿಕೆ (85/100), ಅದರಿಂದ ಬರುವ ಜೋರು ಉಸಿರಾಟ, ಮಾತ್ರೆ-ನೀರು-ತೇಗು, ಬಸ್ಸು ಹತ್ತದಿರುವುದು ತೊಂದರೆಯನ್ನು ಉಳಿಸಿವೆ. ಹೆಂಡತಿಯ ಬೆಂಬಲವಿದೆ, ಕೆಲಸ ಬಿಟ್ಟಿಲ್ಲ. ಊಹೆ ಸರಿಯಿದ್ದರೆ, ಬೇಕೆಂದೇ ಜೋರಾಗಿ ಉಸಿರಾಡಿದಾಗ ಇದೇ ಲಕ್ಷಣಗಳು ಬರಬೇಕು, ನೀರು-ತೇಗು ಇಲ್ಲದೆಯೇ ಇಳಿಯಬೇಕು.’

ಕೊನೆಯ ವಾಕ್ಯ ಇಲ್ಲದ ಫಾರ್ಮುಲೇಶನ್ ಅನ್ನು ನಾನು ಅರ್ಧ ಎಂದೇ ಎಣಿಸುತ್ತೇನೆ. ತಪ್ಪೆಂದು ಗೊತ್ತಾಗುವ ದಾರಿಯನ್ನೂ ಅದರಲ್ಲೇ ಬರೆದಿಡಬೇಕು.

ಎರಡನೆಯ ಭೇಟಿಯಲ್ಲಿ ಚಕ್ರವನ್ನು ಬಿಳಿ ಹಾಳೆಯ ಮೇಲೆ ರೋಗಿಯ ಕೈಯಲ್ಲೇ ಬರೆಸಿ, ನಂತರ ಬೇಕೆಂದೇ ಜೋರಾಗಿ ಉಸಿರಾಡುವ ಪರೀಕ್ಷೆಗಿಳಿದೆವು. ಹೃದ್ರೋಗ, ಅಸ್ತಮಾ, ಮೂರ್ಛೆರೋಗ, ಗರ್ಭ ಇರುವವರಿಗೆ ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಮಾಡಿಸಕೂಡದು. ಕುಳಿತಲ್ಲೇ ಒಂದೂವರೆ ನಿಮಿಷ ಜೋರಾಗಿ, ಆಳವಾಗಿ ಉಸಿರಾಡಿದರು. ಸುಮಾರು 50ನೇ ಸೆಕೆಂಡಿಗೆ ಬೆರಳು ಜುಮ್ಮೆಂದಿತು, ನಂತರ ಎದೆ ಹಿಡಿಯಿತು. ಕೈ ಬಾಟಲಿಯತ್ತ ಹೋಯಿತು. ಮೊದಲೇ ಮಾತಾಡಿಕೊಂಡಿದ್ದಂತೆ ಮುಟ್ಟಲಿಲ್ಲ. ಉಸಿರು ತಾನಾಗಿ ಹದಕ್ಕೆ ಬಂದಂತೆ ನಾಲ್ಕೈದು ನಿಮಿಷದಲ್ಲಿ ಎಲ್ಲ ಇಳಿಯಿತು.

ನಂಬಿಕೆ ಈಗೆಷ್ಟು ಎಂದಾಗ 50 ಎಂದರು. ಉಳಿದ 50 ಯಾಕೆ ಎಂದು ಕೇಳಿದೆ. ‘ಇಲ್ಲಿ ನೀವಿದ್ರಿ. ಬಸ್ಸಲ್ಲಿ ಒಬ್ಬನೇ ಅಲ್ವಾ?’ ಅದನ್ನೂ ಹಾಳೆಯ ಮೇಲೆ ಬರೆಸಿದೆ: ಜೊತೆಗೆ ಯಾರಾದರೂ ಇರುವುದು. ನಮ್ಮ ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು. ಮುಂದಿನ ಪರೀಕ್ಷೆಯನ್ನು ಬಸ್ಸಿನಲ್ಲಿ, ಒಬ್ಬರೇ, ಬಾಟಲಿಯಿಲ್ಲದೆ ಎರಡು ಸ್ಟಾಪ್ ಎಂದು ಗೊತ್ತುಮಾಡಿದೆವು.